ಊಟ ಆಯ್ತಾ? ಒಂದು ತರಗತಿ ಸನ್ನೆಯಲ್ಲಿ ಮಾತು ಕಲಿತದ್ದು

ಕಿವಿ ಕೇಳದ ಮಗುವೊಂದು ಸಾಮಾನ್ಯ ಶಾಲೆಗೆ ಬಂದು ಸೇರಿತು ಅಂದರೆ, ಕಾಳಜಿ ಇರುವ ಶಾಲೆಗಳಲ್ಲಿ ಮೊದಲ ವಾರವೇ ಗೋಡೆಗೆ ಒಂದು ಚಾರ್ಟು ಬರುತ್ತದೆ. ಇಂಗ್ಲಿಷಿನ 26 ಅಕ್ಷರ, ಒಂದೊಂದರ ಪಕ್ಕ ಒಂದೊಂದು ಕೈಯ ಚಿತ್ರ. ಮಕ್ಕಳು ಎರಡು ದಿನ ತಮ್ಮ ತಮ್ಮ ಹೆಸರನ್ನು ಬೆರಳಿನಲ್ಲಿ ಮಾಡಿ ತೋರಿಸಿ ಖುಷಿಪಡುತ್ತಾರೆ. ಆಮೇಲೆ ಆ ಚಾರ್ಟಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಊಟದ ಬಿಡುವಿನಲ್ಲಿ ಆ ಮಗು ಮೊದಲಿನಂತೆಯೇ ಒಂದು ಪಕ್ಕಕ್ಕೆ ಕೂತು ತಿನ್ನುತ್ತಿರುತ್ತದೆ.

ಚಾರ್ಟು ಯಾಕೆ ಕೈಕೊಡುತ್ತದೆ ಎನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಪಾಠ ಹೇಗಿರಬೇಕು ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವ ಬಹಳಷ್ಟು ಚಾರ್ಟುಗಳು ಅಮೆರಿಕದ ಸನ್ನೆ ಭಾಷೆಯವು. ಅಲ್ಲಿ ಅಕ್ಷರಗಳನ್ನು ಒಂದೇ ಕೈಯಲ್ಲಿ ಮಾಡುತ್ತಾರೆ. ಭಾರತೀಯ ಸನ್ನೆ ಭಾಷೆಯಲ್ಲಿ ಹೆಚ್ಚಿನ ಅಕ್ಷರಗಳಿಗೆ ಎರಡು ಕೈ ಬೇಕು. ಹಾಗಾಗಿ ಮಕ್ಕಳು ಕಷ್ಟಪಟ್ಟು ಕಲಿತದ್ದು ನಮ್ಮೂರಿನ ಯಾವ ಕಿವುಡರಿಗೂ ಸಲೀಸಾಗಿ ಅರ್ಥವಾಗುವುದಿಲ್ಲ. ಸರಿಯಾದ ಚಾರ್ಟೇ ಸಿಕ್ಕಿತು ಅಂದುಕೊಳ್ಳೋಣ, ಆಗಲೂ ಅಕ್ಷರ ಜೋಡಿಸುವುದು ಮಾತಾಡುವುದಲ್ಲ. ಇಂಗ್ಲಿಷ್ ಓದಲು ಇನ್ನೂ ತಡವರಿಸುವ ಮಗುವಿಗೆ ಬೆರಳಿನಲ್ಲಿ ಇಂಗ್ಲಿಷ್ ಸ್ಪೆಲಿಂಗ್ ಮಾಡಿ ತೋರಿಸಿದರೆ ಅದಕ್ಕೆ ಏನು ತಿಳಿದೀತು? ಹೆಸರು, ಊರು, ಸನ್ನೆ ಗೊತ್ತಿಲ್ಲದ ಒಂದೆರಡು ಪದ, ಇಷ್ಟಕ್ಕೆ ಮಾತ್ರ ಅಕ್ಷರ ಬೇಕು. ಅದನ್ನು ಕೊನೆಗೆ ಕಲಿಸಿದರೆ ಸಾಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನಮ್ಮ ಎಂಟನೇ ತರಗತಿಗೆ ಪಕ್ಕದ ಹಳ್ಳಿಯಿಂದ ಬಂದ ಒಬ್ಬ ಹುಡುಗಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಮನೆಯಲ್ಲಿ ಎಲ್ಲರಿಗೂ ಕೇಳುತ್ತದೆ. ಕಿವುಡ ಮಕ್ಕಳಲ್ಲಿ ಬಹುಪಾಲು ಹುಟ್ಟುವುದು ಹೀಗೆ, ಕಿವಿ ಕೇಳುವ ಅಪ್ಪ ಅಮ್ಮನಿಗೇ. ಹಾಗಾಗಿ ಮನೆಯಲ್ಲಿ ಯಾರಿಗೂ ಸನ್ನೆ ಭಾಷೆ ಬರುವುದಿಲ್ಲ. ಅವ್ವನೂ ಮಗಳೂ ಸೇರಿ ತಾವೇ ಕಟ್ಟಿಕೊಂಡ ಒಂದಿಷ್ಟು ಕೈಸನ್ನೆ ಇತ್ತು: ಹಸುವಿಗೊಂದು, ಅಜ್ಜಿಗೊಂದು, ಬಸ್ಸಿಗೊಂದು. ಅದು ಮನೆಯ ಹೊಸಿಲೊಳಗೆ ನಡೆಯುವ ಮಾತು. ಹೊಸಿಲು ದಾಟಿದರೆ ತಿಳಿಯುವವರಿಲ್ಲ. ಅಂದರೆ ತರಗತಿಯ ನಲವತ್ತು ಮಕ್ಕಳಿಗೆ ಸನ್ನೆ ಭಾಷೆ ಬಾರದಿದ್ದಂತೆ ಅವಳಿಗೂ ಬರುತ್ತಿರಲಿಲ್ಲ. ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಕಿವುಡ ಮಗು ಎಂದ ಮಾತ್ರಕ್ಕೆ ಸನ್ನೆ ಭಾಷೆ ಬಂದೇ ಬರುತ್ತದೆ ಎಂದು ಹೊರಟರೆ, ಗೆಳೆಯರೆಲ್ಲ ಅವಳಿಗಿಂತ ಮುಂದೆ ಹೋಗಿ ಅವಳು ತನ್ನದೇ ಪಾಠದಲ್ಲಿ ಹಿಂದೆ ಉಳಿಯುತ್ತಾಳೆ.

ಅವಳ ಕಿವಿಯಲ್ಲಿ ಶಿಬಿರದಲ್ಲಿ ಕೊಟ್ಟ ಶ್ರವಣ ಸಾಧನ ಇತ್ತು. ಅದು ಸದ್ದನ್ನು ದೊಡ್ಡದು ಮಾಡುತ್ತದೆ, ಮಾತನ್ನು ಬಿಡಿಸಿ ಕೊಡುವುದಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಬೆಂಚು ಎಳೆಯುವ ಸದ್ದು, ಫ್ಯಾನಿನ ಸದ್ದು, ಹೊರಗಿನ ಪಿ.ಟಿ. ಪೀರಿಯಡ್ಡಿನ ಗಲಾಟೆ ಎಲ್ಲವೂ ಒಟ್ಟಿಗೆ ದೊಡ್ಡದಾಗುತ್ತವೆ. ಇನ್ನು ತುಟಿ ನೋಡಿ ತಿಳಿದುಕೊಳ್ಳುವ ವಿಷಯ. ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ‘ಮರ’, ‘ಬರ’, ‘ಪರ’ ಎಂದು ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಕ, ಗ, ಹ ಬಾಯಿಯೊಳಗೇ ಹುಟ್ಟಿ ಮುಗಿಯುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಮೊದಲೇ ಭಾಷೆ ಗಟ್ಟಿಯಿದ್ದವರು ಸಂದರ್ಭ ನೋಡಿ ಊಹಿಸಿಕೊಳ್ಳುತ್ತಾರೆ. ಭಾಷೆಯೇ ಇನ್ನೂ ಕೈಗೆ ಸಿಗದ ಮಗು ಯಾವುದರ ಮೇಲೆ ಊಹಿಸಬೇಕು? ಅದಕ್ಕೇ ‘ನಿಧಾನವಾಗಿ ಬಾಯಿ ದೊಡ್ಡದು ಮಾಡಿ ಹೇಳು, ಅವಳಿಗೆ ಗೊತ್ತಾಗುತ್ತೆ’ ಎನ್ನುವ ಸಲಹೆ ಕೆಲಸಕ್ಕೆ ಬರುವುದಿಲ್ಲ. ಬಾಯಿ ದೊಡ್ಡದು ಮಾಡಿದಷ್ಟೂ ತುಟಿಯ ಸಹಜ ಆಕಾರ ಕೆಟ್ಟು ಇನ್ನಷ್ಟು ಗೊಂದಲವಾಗುತ್ತದೆ.

ನಮ್ಮ ತಾಲ್ಲೂಕು ಪೇಟೆಯಲ್ಲಿ ಬಟ್ಟೆ ಹೊಲಿಯುವ ಒಬ್ಬರಿದ್ದಾರೆ. ಅವರೂ ಕಿವುಡರೇ, ಮೈಸೂರಿನಲ್ಲಿ ಕಿವುಡ ಮಕ್ಕಳ ಹಾಸ್ಟೆಲ್ ಶಾಲೆಯಲ್ಲಿ ಓದಿದವರು. ಮಕ್ಕಳು ಅವರನ್ನು ಟೈಲರ್ ಅಕ್ಕ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ವಾರಕ್ಕೆ ಮೂರು ದಿನ ಊಟದ ಬಿಡುವಿಗೆ ಮುಂಚಿನ 20 ನಿಮಿಷ ಅವರಿಗೆ ಬಿಟ್ಟುಕೊಟ್ಟೆವು. ಅವರೊಂದಿಗೆ ನನ್ನ ಮಾತೆಲ್ಲ ವಾಟ್ಸ್ಯಾಪಿನಲ್ಲಿ, ಚಿಕ್ಕ ಚಿಕ್ಕ ಕನ್ನಡ ವಾಕ್ಯಗಳಲ್ಲಿ. ಅವರ ಹೊಲಿಗೆ ಕೆಲಸಕ್ಕೆ ಅಡ್ಡಿಯಾಗುವಷ್ಟು ಹೊತ್ತು ಕೊಡುತ್ತಿದ್ದುದರಿಂದ ಶಾಲಾಭಿವೃದ್ಧಿ ಸಮಿತಿ ಅದಕ್ಕೆ ತಕ್ಕ ಗೌರವಧನ ಕೊಟ್ಟಿತು. ಕಿವುಡರು ಕಲಿಸಲು ಬಂದರೆ ಅದು ಸೇವೆ, ಉಳಿದವರು ಬಂದರೆ ಸಂಬಳ ಎನ್ನುವ ರೂಢಿ ನನಗೆ ಸಹಿಸದು.

ಕಲಿಸುವವರು ಕಿವುಡರೇ ಆಗಿರಬೇಕು ಎಂದು ನಾನು ಹಟ ಹಿಡಿದದ್ದಕ್ಕೆ ಕಾರಣ ಇದೆ. ಕಿವಿ ಕೇಳುವ ಟೀಚರು ಸನ್ನೆ ಕಲಿಸಲು ನಿಂತರೆ ಬಾಯಿ ಸುಮ್ಮನಿರುವುದಿಲ್ಲ. ‘ನೋಡಿ ಮಕ್ಕಳೇ, ಇದು ಮನೆ’ ಎಂದು ಹೇಳುತ್ತಾ ಕೈಯಲ್ಲಿ ಮನೆ ತೋರಿಸುತ್ತಾರೆ. ಮಕ್ಕಳು ಕಿವಿಯಿಂದಲೇ ಕೇಳಿಸಿಕೊಳ್ಳುತ್ತಾರೆ, ಕಣ್ಣಿಗೆ ಕೆಲಸವೇ ಇರುವುದಿಲ್ಲ. ಟೈಲರ್ ಅಕ್ಕನ ಪಾಠದಲ್ಲಿ ದನಿ ಇಲ್ಲ. ಬಾಗಿಲು ಹಾಕಿದ ಮೇಲೆ ನಾನೂ ಮಾತಾಡುವಂತಿಲ್ಲ. ತಿಳಿಯದಿದ್ದರೆ ಸನ್ನೆಯಲ್ಲೇ ಕೇಳಬೇಕು, ಬೋರ್ಡಿನ ಮೇಲೆ ಬರೆಯಬಹುದು, ಚಿತ್ರ ಬಿಡಿಸಬಹುದು. ಆ 20 ನಿಮಿಷದಲ್ಲಿ ನಲವತ್ತು ಮಕ್ಕಳಿಗೆ ಮಾತು ಹಿಡಿಯಲು ಪರದಾಟ, ಆ ಹುಡುಗಿಗೆ ಮಾತ್ರ ಎಲ್ಲವೂ ಕಣ್ಣೆದುರಿಗೆ. ಶಾಲೆಯಲ್ಲಿ ಅವಳಿಗೆ ಅನುಕೂಲವಾಗಿದ್ದ ಹೊತ್ತು ಅದೊಂದೇ ಆಗಿತ್ತು.

ಮೊದಲ ಪಾಠದಲ್ಲಿ ಒಂದೇ ಒಂದು ಪದವನ್ನೂ ಅಕ್ಕ ಕಲಿಸಲಿಲ್ಲ. ಕಣ್ಣಿನ ಪಾಠ ಅದು. ಕಿವಿ ಕೇಳುವವರು ಬೆನ್ನ ಹಿಂದಿನಿಂದಲೂ ಕೂಗಿ ಕರೆಯಬಹುದು. ಸನ್ನೆ ಭಾಷೆಯಲ್ಲಿ ನೋಟ ಕೂಡಿದ ಮೇಲೆಯೇ ಮಾತು ಶುರು. ಹತ್ತಿರದಲ್ಲಿದ್ದರೆ ಹೆಗಲ ಮೇಲೆ ಮೆಲ್ಲಗೆ ಎರಡು ಸಲ ತಟ್ಟಬೇಕು. ಬೆನ್ನಿಗೆ ಹೊಡೆಯುವುದು, ಗದ್ದ ಹಿಡಿದು ಮುಖ ತಿರುಗಿಸುವುದು ಕೂಡದು. ದೂರದಲ್ಲಿದ್ದರೆ ಅವಳ ಕಣ್ಣಿಗೆ ಬೀಳುವ ಹಾಗೆ ಕೈ ಬೀಸಬೇಕು. ಇಡೀ ತರಗತಿಯನ್ನು ಕರೆಯಬೇಕಾದರೆ ಲೈಟಿನ ಸ್ವಿಚ್ಚನ್ನು ಒಮ್ಮೆ ಹಾಕಿ ತೆಗೆಯಬೇಕು. ಮರದ ನೆಲವಿದ್ದರೆ ಕಾಲು ಕುಟ್ಟಿದರೂ ಅದುರು ತಿಳಿಯುತ್ತದಂತೆ, ನಮ್ಮ ಸಿಮೆಂಟು ನೆಲದಲ್ಲಿ ಆ ಉಪಾಯ ನಡೆಯದು. ಕಿಟಕಿಗೆ ಬೆನ್ನು ಹಾಕಿ ನಿಂತು ಸನ್ನೆ ಮಾಡಿದರೆ ಹಿಂದಿನ ಬೆಳಕಿಗೆ ಮುಖವೂ ಕೈಯೂ ಕಪ್ಪಾಗಿ ಕಾಣುತ್ತವೆ. ಅದಕ್ಕೆ ಮಾತಾಡುವವರು ಬೆಳಕಿಗೆ ಮುಖ ಮಾಡಿ ನಿಲ್ಲಬೇಕು. ಇಬ್ಬರು ಒಟ್ಟಿಗೆ ಮಾತಾಡಿದರೆ ಅವಳು ಒಬ್ಬರನ್ನೇ ನೋಡಬಲ್ಲಳು, ಆದ್ದರಿಂದ ಸರದಿ ಬೇಕು. ಮುಂದೆ ಮಾತಾಡುವವರು ಯಾರು ಎಂದು ಬೆರಳು ತೋರಿಸಿ, ಅವಳ ಕಣ್ಣು ಅಲ್ಲಿಗೆ ಹೋಗುವ ತನಕ ಕಾಯಬೇಕು.

ಬೆಂಚುಗಳನ್ನು ಅಂದೇ ಅರ್ಧಚಂದ್ರಾಕಾರಕ್ಕೆ ತಿರುಗಿಸಿದೆವು. ಸಾಲಾಗಿ ಕೂತರೆ ಹಿಂದಿನವರ ಕೈ ಮುಂದಿನವರಿಗೆ ಕಾಣುವುದಿಲ್ಲ ಎಂಬುದು ಕೂತು ನೋಡಿದಾಗಲೇ ಹೊಳೆಯುವ ಸಂಗತಿ. ಈ ಒಂದು ಬದಲಾವಣೆಯಿಂದ ನನ್ನ ಗಣಿತದ ಪೀರಿಯಡ್ಡೂ ಸುಧಾರಿಸಿತು. ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಮಾತಾಡುವ ಚಾಳಿಯನ್ನು ಬಿಟ್ಟು, ಬರೆದು, ತಿರುಗಿ, ಆಮೇಲೆ ಹೇಳುವುದು ಎಲ್ಲ ಮಕ್ಕಳಿಗೂ ಒಳ್ಳೆಯದೇ.

ಎರಡನೇ ಪಾಠದಲ್ಲಿ ಒಂದು ವಾಕ್ಯ ಬಂತು: ಊಟ ಆಯ್ತಾ? ಬೆರಳತುದಿಗಳನ್ನು ತುತ್ತು ಹಿಡಿದಂತೆ ಕೂಡಿಸಿ ಬಾಯಿಯ ಬಳಿ ತಂದರೆ ಊಟ. ಅದರ ಹಿಂದೆ ‘ಮುಗಿಯಿತು’ ಎನ್ನುವ ಸನ್ನೆ. ಕೈಯ ಕೆಲಸ ಅಷ್ಟೇ. ಅದನ್ನು ಸುಮ್ಮನೆ ಮಾಡಿದರೆ ‘ಊಟ ಆಯ್ತು’. ಹುಬ್ಬು ಏರಿಸಿ, ಕಣ್ಣರಳಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ ಮಾಡಿದರೆ ‘ಊಟ ಆಯ್ತಾ?’. ತಲೆ ಅಡ್ಡ ಆಡಿಸುತ್ತಾ ಕೊನೆಗೆ ಇಲ್ಲ ಎಂಬ ಸನ್ನೆ ಸೇರಿಸಿದರೆ ಇನ್ನೂ ಆಗಿಲ್ಲ. ನಾವು ‘ಆಯ್ತಾ’ ಎಂದು ಬಾಯಲ್ಲಿ ಎಳೆಯುವ ಆ ಕೊನೆಯ ದೀರ್ಘದ ಕೆಲಸವನ್ನು ಅಲ್ಲಿ ಹುಬ್ಬು ಮಾಡುತ್ತದೆ.

ಕಿವಿ ಕೇಳುವ ಮಕ್ಕಳು ಎಡವುವುದು ಇಲ್ಲೇ. ಕೈ ಬೇಗ ಕಲಿಯುತ್ತಾರೆ, ಮುಖ ಮಾತ್ರ ಕಲ್ಲಿನಂತೆ ಇಟ್ಟುಕೊಳ್ಳುತ್ತಾರೆ. ಅದರಲ್ಲೂ ದೊಡ್ಡ ಹುಡುಗರು, ಹುಬ್ಬು ಹಾರಿಸಿದರೆ ಯಾರಾದರೂ ನಕ್ಕಾರು ಎಂಬ ಸಂಕೋಚಕ್ಕೆ. ಒಬ್ಬ ಹುಡುಗ ಅವಳ ಮುಂದೆ ನಿಂತು ಊಟ, ಮುಗಿಯಿತು ಎಂದು ಸಪ್ಪೆ ಮುಖದಲ್ಲಿ ಮಾಡಿದ. ಅವಳು ತಲೆಯಾಡಿಸಿ ಸುಮ್ಮನಾದಳು. ‘ನಾನು ಕೇಳಿದ್ರೆ ಉತ್ತರಾನೇ ಹೇಳಲ್ಲ ಮಿಸ್’ ಎಂದು ಆಮೇಲೆ ನನ್ನ ಹತ್ತಿರ ಬಂದ. ಅವಳಿಗೆ ಅವನು ಕೇಳಿದ್ದೇ ಕಾಣಿಸಿರಲಿಲ್ಲ, ತನಗೆ ಊಟ ಆಯಿತು ಎಂದು ಹೇಳಿದ್ದಾನೆ ಅಂದುಕೊಂಡಿದ್ದಳು. ಅಕ್ಕ ಅದಕ್ಕೆ ಒಂದು ಆಟ ಮಾಡಿದರು. ಎಲ್ಲರೂ ಕೈ ಕಟ್ಟಿ ಕೂರಬೇಕು, ಮುಖದಿಂದ ಮಾತ್ರ ಪ್ರಶ್ನೆ, ಒಪ್ಪಿಗೆ, ಸಿಟ್ಟು, ಅನುಮಾನ ತೋರಿಸಬೇಕು, ಎದುರಿನವರು ಯಾವುದೆಂದು ಹೇಳಬೇಕು. ಸಂಕೋಚ ಬಿಟ್ಟದ್ದು ಆ ಆಟದಲ್ಲಿ. ಅವರ ಜೊತೆ ಆ ಹುಡುಗಿಯೂ ಆಡಿದಳು. ಎಲ್ಲರಿಗಿಂತ ಚೆನ್ನಾಗಿ ಆಡಿದಳು ಎಂದು ಬೇರೆ ಹೇಳಬೇಕಿಲ್ಲ.

ಕನ್ನಡದ ಮಕ್ಕಳಿಗೆ ಇದರಲ್ಲಿ ಒಂದು ಅನುಕೂಲ ಇದೆ. ಭಾರತೀಯ ಸನ್ನೆ ಭಾಷೆಯಲ್ಲಿ ಪ್ರಶ್ನೆಯ ಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಇಲ್ಲ ಎನ್ನುವುದೂ ಕೊನೆಗೆ, ಯಾವಾಗ ಎನ್ನುವುದು ಮೊದಲಿಗೆ. ‘ನಿನ್ನ ಹೆಸರು ಏನು’, ‘ನಾಳೆ ಶಾಲೆ ಇಲ್ಲ’, ಈ ವಾಕ್ಯಗಳನ್ನು ಪದದ ಮೇಲೆ ಪದ ಇಟ್ಟು ಸನ್ನೆ ಮಾಡಿದರೂ ಹೆಚ್ಚು ಕೆಡುವುದಿಲ್ಲ. ಇಂಗ್ಲಿಷಿನ ವಾಕ್ಯ ತಲೆಯಲ್ಲಿಟ್ಟುಕೊಂಡು ಹೊರಟವರಿಗೆ ಎಲ್ಲವನ್ನೂ ತಿರುಗಿಸಿ ಜೋಡಿಸಬೇಕಾಗುತ್ತದೆ. ಎಲ್ಲಿ, ಯಾರು, ಎಷ್ಟು ಎಂಬ ಪ್ರಶ್ನೆಗಳನ್ನು ಕಟ್ಟುವ ಒಂದು ಹಳೆಯ ರೀತಿಯೂ ಸುಲಭ. ಜಾಗದ ಸನ್ನೆಗೆ ಪ್ರಶ್ನೆಯ ಸನ್ನೆ ಸೇರಿದರೆ ಎಲ್ಲಿ, ಮುಖಕ್ಕೆ ಸೇರಿದರೆ ಯಾರು, ಸಂಖ್ಯೆಗೆ ಸೇರಿದರೆ ಎಷ್ಟು. ಇಂಥ ಪ್ರಶ್ನೆ ಕೇಳುವಾಗ ಗದ್ದ ಸ್ವಲ್ಪ ಮೇಲೆದ್ದಿರುತ್ತದೆ. ಹೌದು-ಅಲ್ಲ ಎಂಬ ಉತ್ತರದ ಪ್ರಶ್ನೆಗಾದರೆ ತಲೆ ಮುಂದಕ್ಕೆ.

ಆದರೆ ವಿಭಕ್ತಿಯ ಆಸೆ ಬಿಡಬೇಕು. ನನಗೆ, ನಿನ್ನಿಂದ, ಅವಳ ಹತ್ತಿರ, ಇವೆಲ್ಲ ಅಲ್ಲಿ ಪದದ ಬಾಲವಾಗಿ ಬರುವುದಿಲ್ಲ, ಎದುರಿಗಿರುವ ಜಾಗದಲ್ಲಿ ಕೈ ಚಲಿಸುವ ದಿಕ್ಕಿನಲ್ಲಿ ಬರುತ್ತವೆ. ಕೊಡು ಎಂಬ ಕೈ ನನ್ನ ಎದೆಯಿಂದ ನಿನ್ನ ಕಡೆ ಹೋದರೆ ‘ನಾನು ನಿನಗೆ ಕೊಡುತ್ತೇನೆ’. ನಿನ್ನ ಕಡೆಯಿಂದ ನನ್ನತ್ತ ಬಂದರೆ ‘ನೀನು ನನಗೆ ಕೊಡು’. ಪಕ್ಕದಲ್ಲಿ ಕೂತವಳ ಕಡೆಗೆ ತಿರುಗಿದರೆ ‘ಅವಳಿಗೆ ಕೊಡು’. ಇದನ್ನು ಕಲಿಸಲು ಅಕ್ಕ ಬಳಸಿದ್ದು ಒಂದು ರಬ್ಬರು, ಒಂದು ಪೆನ್ಸಿಲು, ಮೂವರು ಮಕ್ಕಳು. ಅವರು ಸನ್ನೆ ಮಾಡಿದಂತೆ ವಸ್ತು ಕೈಯಿಂದ ಕೈಗೆ ಹೋಗಬೇಕು. ದಿಕ್ಕು ತಪ್ಪಿದರೆ ರಬ್ಬರು ತಪ್ಪು ಕೈ ಸೇರುತ್ತದೆ, ಯಾರೂ ಹೇಳದೆಯೇ ತಪ್ಪು ಗೊತ್ತಾಗುತ್ತದೆ. ವ್ಯಾಕರಣವನ್ನು ಇಷ್ಟು ನೇರವಾಗಿ ಪರೀಕ್ಷಿಸುವ ಪಾಠವನ್ನು ನಾನು ಬೇರೆಲ್ಲೂ ನೋಡಿಲ್ಲ.

ಬಾಯಲ್ಲಿ ಕನ್ನಡ, ಕೈಯಲ್ಲಿ ಸನ್ನೆ ಎಂದು ಎರಡನ್ನೂ ಒಟ್ಟಿಗೆ ಮಾಡಲು ಹೋಗುವುದು ಎರಡು ದೋಣಿಯ ಮೇಲೆ ಕಾಲಿಟ್ಟಂತೆ. ಬಾಯಿ ಮುಂದೆ ಓಡುತ್ತದೆ, ಕೈ ನಡುನಡುವೆ ಪದ ಬಿಡುತ್ತದೆ, ಮುಖ ಬಾಯಿಯ ಮಾತಿಗೆ ತಕ್ಕಂತೆ ಆಡುವುದರಿಂದ ಹುಬ್ಬಿನ ವ್ಯಾಕರಣ ಮಾಯವಾಗುತ್ತದೆ. ಮಾತಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅವರ ಕಿವಿಗೆ ವಾಕ್ಯ ಪೂರ್ತಿಯಾಗಿಯೇ ಕೇಳುತ್ತಿರುತ್ತದೆ. ಪರೀಕ್ಷಿಸಬೇಕೆಂದರೆ ಫೋನಿನಲ್ಲಿ ವಿಡಿಯೋ ತೆಗೆದು, ದನಿ ಪೂರ್ತಿ ತಗ್ಗಿಸಿ ನೋಡಿ. ಅವಳಿಗೆ ಕಂಡದ್ದು ಅಷ್ಟೇ. ನಮ್ಮ ಮಕ್ಕಳು ತಮ್ಮದೇ ವಿಡಿಯೋ ಹೀಗೆ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡು ಸನ್ನೆ ಮಾಡುವ ಅಭ್ಯಾಸ ತಾನಾಗಿ ಬಂತು.

ಒಂದು ಸನ್ನೆ ಎಂದರೆ ಕೈಯ ಆಕಾರ ಮಾತ್ರ ಅಲ್ಲ. ಆಕಾರ, ಅದನ್ನು ಮೈಯ ಯಾವ ಜಾಗದಲ್ಲಿ ಹಿಡಿದಿದ್ದೇವೆ, ಹೇಗೆ ಚಲಿಸುತ್ತದೆ, ಈ ಮೂರೂ ಸೇರಿ ಒಂದು ಪದ. ಅಮೆರಿಕದ ವಿಲಿಯಂ ಸ್ಟೋಕಿ 1960ರಲ್ಲಿ ತಮ್ಮ ದೇಶದ ಸನ್ನೆ ಭಾಷೆಯನ್ನು ಹೀಗೆ ಬಿಡಿಸಿ ತೋರಿಸಿದ ಮೇಲೆಯೇ ಭಾಷಾವಿಜ್ಞಾನಿಗಳು ಇದನ್ನು ಪೂರ್ಣ ಭಾಷೆಯೆಂದು ಒಪ್ಪತೊಡಗಿದ್ದು. ನಮ್ಮ ತರಗತಿಗೆ ಇದು ತಿಳಿದದ್ದು ಕಿರುಬೆರಳಿನಿಂದ. ಹೆಬ್ಬೆರಳು ಎತ್ತಿದರೆ ಒಳ್ಳೆಯದು, ಕಿರುಬೆರಳು ಎತ್ತಿದರೆ ಕೆಟ್ಟದು ಎಂದು ಅಕ್ಕ ತೋರಿಸಿದಾಗ ಇಡೀ ತರಗತಿ ನಕ್ಕಿತು. ನಮ್ಮ ಶಾಲೆಗಳಲ್ಲಿ ಕಿರುಬೆರಳು ಎತ್ತುವುದು ಒಂದಕ್ಕೆ ಹೋಗಿಬರಲು ಅನುಮತಿ ಕೇಳುವುದಕ್ಕೆ. ಅಕ್ಕನಿಗೂ ಅದು ಗೊತ್ತಿತ್ತು. ಬೆರಳನ್ನು ಕಿವಿಯೆತ್ತರಕ್ಕೆ ಹಿಡಿದು ಟೀಚರ ಕಡೆ ನೋಡಿ ಮುಖ ಹಿಂಡಿದರು, ಅದು ಒಂದು. ಎದೆಯ ಮುಂದೆ ಹಿಡಿದು ತಿಂಡಿ ಡಬ್ಬಿಯ ಕಡೆ ನೋಡಿ ಮುಖ ಸಿಂಡರಿಸಿದರು, ಅದು ಇನ್ನೊಂದು. ಆಕಾರ ಒಂದೇ ಇದ್ದರೂ ಮಿಕ್ಕದ್ದು ಬದಲಾದರೆ ಅರ್ಥ ಬದಲು ಎಂಬುದನ್ನು ಅದಾದ ಮೇಲೆ ಯಾರಿಗೂ ವಿವರಿಸಬೇಕಾಗಲಿಲ್ಲ.

ಯಾವ ಪದಗಳನ್ನು ಮೊದಲು ಕಲಿಸಬೇಕು ಎನ್ನುವುದರ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಹಣ್ಣು, ಬಣ್ಣ, ಪ್ರಾಣಿ ಎಂದು ಪಟ್ಟಿ ಹಿಡಿದು ಹೋಗುವ ಪಾಠಗಳಲ್ಲಿ ಮಕ್ಕಳು ನೂರು ಹೆಸರು ಕಲಿತೂ ಒಂದು ಮಾತಾಡಲಾರರು. ಹದಿಮೂರು ವರ್ಷದ ಮಕ್ಕಳು ಒಬ್ಬರಿಗೊಬ್ಬರು ‘ಇದು ಸೇಬು’ ಎಂದು ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಅವರು ದಿನವಿಡೀ ಏನು ಮಾತಾಡುತ್ತಾರೋ ಅದನ್ನೇ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲು ಹೇಳಿದೆ. ಬಂದ ಚೀಟಿಗಳಲ್ಲಿ ಇದ್ದದ್ದು ಇಂಥವು: ನಂಗೂ ಕೊಡು. ಹೋಮ್‌ವರ್ಕ್ ಮಾಡಿದ್ಯಾ? ಬಾ, ಆಡೋಣ. ಅವನು ಸುಳ್ಳು ಹೇಳ್ತಾನೆ. ನಿನ್ ಮೇಲೆ ಸಿಟ್ಟು ಬಂದಿದೆ. ಯಾರಿಗೂ ಹೇಳ್ಬೇಡ. ಸುಮ್ನೆ ತಮಾಷೆಗೆ ಅಂದೆ. ಟೀಚರ್ ಬಂದ್ರು! ಅಕ್ಕ ಪ್ರತಿ ಪಾಠಕ್ಕೆ ಇಂಥ ಮೂರು ವಾಕ್ಯ ಆರಿಸಿಕೊಂಡರು. ಅದರೊಳಗೆ ಹೊಸ ಸನ್ನೆ ಏಳೆಂಟಕ್ಕಿಂತ ಹೆಚ್ಚಿಲ್ಲ. ಮುಂದಿನ ಪಾಠದ ಮೊದಲ ಐದು ನಿಮಿಷ ಹಳೆಯದನ್ನೇ ಬಳಸಿ ಜಗಳ, ರಾಜಿ, ಚಾಡಿ ಎಲ್ಲ ನಡೆಯಬೇಕು. ಕಲಿತದ್ದು ಅದೇ ದಿನ ಊಟದ ಹೊತ್ತಿಗೆ ಉಪಯೋಗಕ್ಕೆ ಬರುತ್ತಿತ್ತು, ಪಾಠವನ್ನು ಊಟದ ಮುಂಚಿಗೆ ಇಟ್ಟುಕೊಂಡದ್ದೂ ಅದಕ್ಕೇ.

ಮನೆಯವರ ಬಗ್ಗೆ ಮಾತಾಡುವುದು ಮಕ್ಕಳಿಗೆ ಬಲು ಇಷ್ಟವಾಯಿತು. ಹೆಣ್ಣು ಎನ್ನಲು ಮೂಗುಬೊಟ್ಟಿನ ಜಾಗ ಮುಟ್ಟುವುದು, ಗಂಡು ಎನ್ನಲು ಮೀಸೆ ತೋರಿಸುವುದು. ಒಡಹುಟ್ಟು ಎಂಬ ಸನ್ನೆಗೆ ಮುಂಚೆ ಮೂಗುಬೊಟ್ಟು ಬಂದರೆ ಅಕ್ಕ ಅಥವಾ ತಂಗಿ, ಮೀಸೆ ಬಂದರೆ ಅಣ್ಣ ಅಥವಾ ತಮ್ಮ. ಇದನ್ನು ಕಲಿತ ದಿನ ಆ ಹುಡುಗಿ ತನಗೊಬ್ಬ ತಮ್ಮ ಇದ್ದಾನೆ, ಅವನು ತನ್ನ ಪೆನ್ಸಿಲ್ ಕದಿಯುತ್ತಾನೆ ಎಂದು ಇಡೀ ತರಗತಿಗೆ ದೂರು ಹೇಳಿದಳು. ಎಂಟು ವರ್ಷ ಶಾಲೆಗೆ ಬಂದವಳ ಮನೆಯ ಸುದ್ದಿಯನ್ನು ಜೊತೆಯವರು ಅವಳಿಂದಲೇ ತಿಳಿದದ್ದು ಅಂದು.

ಹೆಸರಿನ ವಿಷಯದಲ್ಲಿ ಒಂದು ನಿಯಮವಿದೆ. ಕಿವುಡರ ನಡುವೆ ಪ್ರತಿಯೊಬ್ಬರಿಗೂ ಒಂದು ಸನ್ನೆ ಹೆಸರು ಇರುತ್ತದೆ. ಮುಖದ ಗುರುತು, ನಡೆಯುವ ರೀತಿ, ಏನಾದರೊಂದು ಅಭ್ಯಾಸ ನೋಡಿ ಅದನ್ನು ಇಡುತ್ತಾರೆ. ಕಿವಿ ಕೇಳುವವರು ತಾವೇ ಒಂದು ಹೆಸರು ಹುಟ್ಟಿಸಿಕೊಂಡು ಬರುವಂತಿಲ್ಲ, ಕಿವುಡರು ಕೊಡಬೇಕು. ಅಕ್ಕ ಮೊದಲು ಆ ಹುಡುಗಿಗೆ ಹೆಸರಿಟ್ಟರು, ಎರಡು ಜಡೆ ಮಡಿಸಿ ಕಟ್ಟುವುದನ್ನು ನೋಡಿ. ಉಳಿದ ನಲವತ್ತು ಮಕ್ಕಳಿಗೂ ನನಗೂ ಹೆಸರಿಡುವ ಅಧಿಕಾರವನ್ನು ಅವಳಿಗೇ ಬಿಟ್ಟರು. ಒಂದು ವಾರ ತರಗತಿಯಲ್ಲಿ ಬೇರೆ ಮಾತಿಲ್ಲ, ‘ನಂಗೇನಿಟ್ಲು, ನಿಂಗೇನಿಟ್ಲು’ ಎಂದು. ನನಗೆ ಸಿಕ್ಕಿದ್ದು ಕನ್ನಡಕವನ್ನು ಮೂಗಿನ ಮೇಲೆ ತಳ್ಳುವ ಸನ್ನೆ.

ಪಾಠ ಫಲ ಕೊಡುತ್ತಿದೆಯೋ ಇಲ್ಲವೋ ಎಂಬುದನ್ನು ಪಾಠದೊಳಗೆ ನೋಡಿ ತಿಳಿಯಲಾಗದು. ವರಾಂಡದ ಕಂಬದ ಪಕ್ಕ ನಿಂತು ಬಿಸಿಯೂಟದ ಹೊತ್ತಿನಲ್ಲಿ ನೋಡಬೇಕು. ಮಾತು ಶುರುಮಾಡುವವರು ಯಾರು? ಯಾವಾಗಲೂ ಬೇರೆಯವರೇ ಬಂದು ಊಟ ಆಯ್ತಾ ಎಂದು ಕೇಳಿ ಹೋಗುತ್ತಿದ್ದರೆ ಅದು ಉಪಚಾರ. ಅವಳೇ ಯಾರನ್ನಾದರೂ ತಟ್ಟಿ ಕರೆಯುತ್ತಿದ್ದಾಳೆಯೇ? ಕೇಳಿದ್ದಕ್ಕೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ ಎಂದು ಮಾತು ಬೆಳೆಯುತ್ತಿದೆಯೇ? ಇನ್ನೂ ಒಂದು ಗುರುತು ಇದೆ, ನನಗೆ ಅದೇ ದೊಡ್ಡದು. ಐದಾರು ಜನ ಗುಂಪಾಗಿ ನಗುತ್ತಿರುವಾಗ ಅವಳು ಏನು ಎಂದು ಕೇಳುತ್ತಾಳೆ. ‘ಏನಿಲ್ಲ, ಆಮೇಲೆ ಹೇಳ್ತೀನಿ’ ಎಂಬ ಉತ್ತರ ಬಂದರೆ ಪಾಠ ಇನ್ನೂ ತಲುಪಿಲ್ಲ. ಆ ಆಮೇಲೆ ಯಾವತ್ತೂ ಬರುವುದಿಲ್ಲ ಎನ್ನುವುದು ಕಿವುಡರಿಗೆಲ್ಲ ಗೊತ್ತು. ಟೈಲರ್ ಅಕ್ಕ ತಮ್ಮ ಸ್ವಂತ ಮನೆಯ ಹಬ್ಬದೂಟಗಳ ಬಗ್ಗೆ ನನಗೆ ಬರೆದದ್ದೂ ಇದೇ ಮಾತು: ಎಲ್ಲರೂ ನಗ್ತಾರೆ, ನಾನು ಎಲೆ ನೋಡ್ಕೊಂಡು ಊಟ ಮಾಡ್ತೀನಿ. ಅದಕ್ಕಾಗಿ ಒಂದು ಪಾಠವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟರು. ಗುಂಪಿನಲ್ಲಿ ಏನಾಯಿತು ಎಂಬುದನ್ನು ನಾಲ್ಕೇ ಸನ್ನೆಯಲ್ಲಾದರೂ ಆಗಲೇ ಹೇಳುವುದು. ಯಾರು ಹೇಳಿದ್ದು, ಯಾರ ಬಗ್ಗೆ, ನಿಜವೋ ತಮಾಷೆಯೋ. ಅಷ್ಟು ತಿಳಿದರೂ ಅವಳಿಗೆ ನಗಲು ಸಾಕು.

ಬಹಳ ಕಡೆ ಆಗುವ ಇನ್ನೊಂದು ತೊಂದರೆ, ಎಲ್ಲ ಭಾರವೂ ಒಬ್ಬಳೇ ಗೆಳತಿಯ ಮೇಲೆ ಬೀಳುವುದು. ಚುರುಕಾಗಿ ಕಲಿತ ಹುಡುಗಿಯೊಬ್ಬಳು ಇರುತ್ತಾಳೆ. ಟೀಚರುಗಳೆಲ್ಲ ಅವಳನ್ನೇ ಕರೆದು ‘ಅವಳಿಗೆ ಹೇಳಮ್ಮ’ ಎನ್ನತೊಡಗುತ್ತಾರೆ. ಪಕ್ಕದಲ್ಲಿ ಕೂತು ಪಾಠವೆಲ್ಲ ಸನ್ನೆ ಮಾಡಿ ಹೇಳುವಷ್ಟರಲ್ಲಿ ಅವಳ ಸ್ವಂತ ಪಾಠ ತಪ್ಪುತ್ತದೆ. ಸ್ನೇಹ ಹೋಗಿ ಉಸ್ತುವಾರಿ ಬರುತ್ತದೆ, ಒಂದು ದಿನ ಅವಳು ಶಾಲೆಗೆ ಬರದಿದ್ದರೆ ಕಿವುಡ ಹುಡುಗಿಗೆ ಆ ದಿನವಿಡೀ ಮೌನ. ಇದನ್ನು ತಡೆಯಲು ಪ್ರತಿ ವಾರ ಪಕ್ಕದಲ್ಲಿ ಕೂರುವವರನ್ನು ಬದಲಿಸಿದೆವು, ಹುಡುಗರನ್ನೂ ಸೇರಿಸಿ. ಜೊತೆಗೆ ಗೆಳೆಯರ ಕೆಲಸ ಗೆಳೆತನ ಮಾತ್ರ, ಪಾಠ ತಲುಪಿಸುವುದು ನಮ್ಮ ಕೆಲಸ ಎಂದು ಸ್ಟಾಫ್ ಮೀಟಿಂಗಿನಲ್ಲಿ ಬರೆದುಕೊಂಡೆವು.

ಆ ವ್ಯತ್ಯಾಸವನ್ನು ಮರೆಯಬಾರದು. ಊಟ, ಆಟ, ಜಗಳಕ್ಕೆ ಸಾಕಾಗುವ ಸನ್ನೆಯಿಂದ ದ್ಯುತಿಸಂಶ್ಲೇಷಣೆಯನ್ನೋ ಭಾಗಲಬ್ಧ ಸಂಖ್ಯೆಯನ್ನೋ ವಿವರಿಸಲು ಬರುವುದಿಲ್ಲ. ಅದಕ್ಕೆ ತರಬೇತಿ ಪಡೆದ ಸನ್ನೆ ಭಾಷಾ ಅನುವಾದಕರು ಬೇಕು, ಸನ್ನೆ ಬಲ್ಲ ಶಿಕ್ಷಕರು ಬೇಕು. ಕಿವುಡ ಮಕ್ಕಳಿಗೆ ಅವರಿಗೆ ತಕ್ಕ ಭಾಷೆಯಲ್ಲೇ ಶಿಕ್ಷಣ ಸಿಗಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. 2020ರ ಶಿಕ್ಷಣ ನೀತಿ ಭಾರತೀಯ ಸನ್ನೆ ಭಾಷೆಯನ್ನು ದೇಶದಾದ್ಯಂತ ಏಕರೂಪಗೊಳಿಸುವ ಮಾತಾಡುತ್ತದೆ. ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಸನ್ನೆ ವಿಡಿಯೋಗಳಾಗಿ ಮಾಡಲು 2020ರಲ್ಲೇ ಒಪ್ಪಂದವಾಗಿದೆ. ತಾಲ್ಲೂಕಿನ ಸರ್ಕಾರಿ ಶಾಲೆಯ ಎಂಟನೇ ತರಗತಿಗೆ ಅನುವಾದಕರು ಮಾತ್ರ ಇನ್ನೂ ಬಂದಿಲ್ಲ. ‘ಮಕ್ಕಳೇ ಕಲಿತಿದ್ದಾರಲ್ಲ, ಇನ್ನು ಅನುವಾದಕರು ಯಾಕೆ’ ಎಂದು ಯಾರಾದರೂ ಕೇಳಿದರೆ ಒಪ್ಪಬೇಡಿ.

ಕಲಿಸುವವರಿಗೆ ಸನ್ನೆ ಮರೆತಾಗ ನೋಡಿಕೊಳ್ಳಲು ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟು ಇದೆ. 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ರ ಹೊತ್ತಿಗೆ 10,000ಕ್ಕೆ ಬೆಳೆದಿದೆ. ಪ್ರತಿ ಪದಕ್ಕೂ ವಿಡಿಯೋ, ಯೂಟ್ಯೂಬಿನಲ್ಲಿ ಉಚಿತ. ಆದರೆ ಒಂದೇ ಪದಕ್ಕೆ ಊರಿಂದೂರಿಗೆ ಬೇರೆ ಸನ್ನೆ ಇರುವುದು ಸಾಮಾನ್ಯ. ಅಕ್ಕ ಮೈಸೂರಿನಲ್ಲಿ ಕಲಿತ ಸನ್ನೆಯೇ ಒಂದು, ವಿಡಿಯೋದಲ್ಲಿ ಇನ್ನೊಂದು ಬಂದಾಗ ಮಕ್ಕಳು ಯಾವುದು ಸರಿ ಎಂದು ಕೇಳಿದರು. ಎರಡೂ ಸರಿ, ಎದುರಿಗಿರುವವರದ್ದನ್ನು ಬಳಸಿ ಎಂದರು ಅಕ್ಕ. ಧಾರವಾಡದವರ ಮಾತು, ಮಂಗಳೂರಿನವರ ಮಾತು ಎರಡೂ ಕನ್ನಡವೆಂದು ಗೊತ್ತಿರುವ ಮಕ್ಕಳಿಗೆ ಇದು ತಕ್ಷಣ ತಿಳಿಯಿತು.

ಹುಡುಗಿಯ ತಂದೆ ಒಂದು ದಿನ ಬಂದು, ‘ಮಿಸ್, ಕೈಸನ್ನೆ ಅಭ್ಯಾಸ ಆದ್ರೆ ಬಾಯಿ ಮಾತು ಬರೋದೇ ಇಲ್ಲ ಅಂತಾರೆ, ಬೇಡ ಅನ್ಸುತ್ತೆ’ ಎಂದರು. ಈ ಭಯ ಅವರೊಬ್ಬರದ್ದಲ್ಲ, ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ ಸನ್ನೆಯನ್ನು ಶಾಲೆಯಿಂದ ಹೊರಗಿಡಬೇಕು, ಬಾಯಿಮಾತೇ ಶ್ರೇಷ್ಠ ಎಂದು ನಿರ್ಣಯ ಮಾಡಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಎಷ್ಟೋ ದೇಶಗಳ ಶಾಲೆಗಳು ಅದರ ನೆರಳಲ್ಲಿ ನಡೆದವು. ಅದೇ ಸರಣಿಯ ಸಮ್ಮೇಳನ 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದಾಗ ಆ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ವ್ಯಕ್ತಪಡಿಸಿತು. ನಾನು ತಂದೆಗೆ ಇಷ್ಟೆಲ್ಲ ಹೇಳಲಿಲ್ಲ. ಸ್ಪೀಚ್ ಥೆರಪಿ ನಿಲ್ಲಿಸಬೇಡಿ, ಅದು ಅದರ ಪಾಡಿಗೆ ನಡೆಯಲಿ, ಇಂದು ಸಂಜೆ ಮಗಳ ಮುಂದೆ ಕೂತು ಈ ಒಂದು ವಾಕ್ಯ ಕೇಳಿ ಎಂದು ಹೇಳಿ, ‘ಇವತ್ತು ಶಾಲೆಯಲ್ಲಿ ಏನಾಯ್ತು’ ಎಂಬುದನ್ನು ಅಕ್ಕನಿಂದ ಅವರಿಗೆ ಕಲಿಸಿ ಕಳಿಸಿದೆ. ಮರುವಾರ ಅವ್ವನೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಕಿವಿ ಕೇಳುವವರೂ ಸನ್ನೆ ಮಾಡುವುದು ಕರ್ನಾಟಕಕ್ಕೆ ಹೊಸದಲ್ಲ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ತಲೆಮಾರುಗಳಿಂದ ವಂಶಪಾರಂಪರ್ಯವಾಗಿ ಕಿವುಡುತನ ಬಂದ ಮನೆಗಳಿವೆ. ಅಲ್ಲಿ ಊರಿನದ್ದೇ ಒಂದು ಸನ್ನೆ ಭಾಷೆ ಬೆಳೆದಿದೆ, ಭಾಷಾವಿಜ್ಞಾನಿಗಳು ಅದನ್ನು ಅಲೀಪುರ ಸನ್ನೆ ಭಾಷೆ ಎಂದೇ ದಾಖಲಿಸಿದ್ದಾರೆ. ಕಿವಿ ಕೇಳುವ ನೆಂಟರು, ನೆರೆಹೊರೆಯವರು ಅದನ್ನು ಬಳಸುತ್ತಾರೆ. ಯಾರೂ ಅಲ್ಲಿ ಚಾರ್ಟು ಹಾಕಿ ಕಲಿಸಿದ್ದಲ್ಲ. ಮಾತಾಡಬೇಕಾದ ಜನ ಪಕ್ಕದಲ್ಲೇ ಇದ್ದರು, ಕಲಿತರು. ಶಾಲೆಯಲ್ಲಿ ಅಷ್ಟು ಕಾಲ ಇಲ್ಲದ್ದರಿಂದ ನಾವು 20 ನಿಮಿಷದ ಪಾಠ ಮಾಡಬೇಕಾಗಿದೆ.

ದಸರಾ ರಜೆ ಮುಗಿಸಿ ಬಂದಾಗ ಮಕ್ಕಳು ಅರ್ಧಕ್ಕರ್ಧ ಮರೆತಿದ್ದರು. ಬಳಸದಿದ್ದರೆ ಮರೆಯುವುದು ಯಾವ ಭಾಷೆಗಾದರೂ ಸಹಜ. ಉಳಿದದ್ದು ಯಾವುದು ಎಂದು ಅಕ್ಕ ಬರೆದಿಟ್ಟುಕೊಂಡರು: ಹೆಸರುಗಳು, ಊಟ ಆಯ್ತಾ, ಸುಳ್ಳು, ಬಾ ಆಡೋಣ, ಯಾರಿಗೂ ಹೇಳ್ಬೇಡ. ಬಣ್ಣಗಳು ಪೂರ್ತಿ ಹೋಗಿದ್ದವು. ಈ ವರ್ಷ ಹೊಸ ಎಂಟನೇ ತರಗತಿಗೆ ಪಾಠ ಜೂನ್ ಮೊದಲ ವಾರವೇ ಶುರುವಾಗುತ್ತದೆ, ಆ ಪಟ್ಟಿಯಿಂದಲೇ. ಒಂಬತ್ತಕ್ಕೆ ಹೋದ ಹುಡುಗಿ ವಾರಕ್ಕೊಂದು ದಿನ ಅಕ್ಕನ ಜೊತೆ ನಿಂತು ಕಲಿಸುತ್ತಾಳೆ. ಬಿಸಿಯೂಟ ಬಡಿಸುವ ಅಮ್ಮಂದಿರು ತಮಗೂ ‘ಇನ್ನಷ್ಟು ಬೇಕಾ, ಸಾಕಾ’ ಹೇಳಿಕೊಡಿ ಎಂದು ಕೇಳಿದ್ದಾರೆ. ಅವರ ಪಾಠ ಶನಿವಾರ, ಪಾತ್ರೆ ತೊಳೆದ ಮೇಲೆ.